ಮೂರು ಅವಧಿಗಳಿಂದ ಒಂದು ಅಂದಾಜು: ಪರ್ಟ್ ಲೆಕ್ಕ ಹಾಕುವ ಕ್ರಮ

ಮನೆ ಕಟ್ಟಿಸುವವರು ಮೇಸ್ತ್ರಿಯನ್ನು ‘ಮೋಲ್ಡ್ ಕೆಲಸಕ್ಕೆ ಎಷ್ಟು ದಿನ ಬೇಕು?’ ಎಂದು ಕೇಳುತ್ತಾರೆ, ಬಂದ ಒಂದೇ ಉತ್ತರವನ್ನು ನಂಬಿ ಪ್ಲಾಸ್ಟರಿಂಗ್‌ನವರಿಗೆ ದಿನಾಂಕ ಕೊಡುತ್ತಾರೆ. ಆ ದಿನ ಬಂದಾಗ ಸೆಂಟ್ರಿಂಗ್ ಇನ್ನೂ ಬಿಚ್ಚಿರುವುದಿಲ್ಲ. ಮೇಸ್ತ್ರಿ ಸುಳ್ಳು ಹೇಳಿರುವುದಿಲ್ಲ. ಎಲ್ಲವೂ ಎಂದಿನಂತೆ ನಡೆದರೆ ಹಿಡಿಯುವ ದಿನಗಳನ್ನು ಹೇಳಿರುತ್ತಾನೆ, ನಡೆಯದಿದ್ದರೆ ಎಷ್ಟು ಎಂದು ಯಾರೂ ಕೇಳಿರುವುದಿಲ್ಲ. ಈ ಕೊರತೆಯನ್ನು ತುಂಬುವ ವಿಧಾನ 1958ರ ಹೊತ್ತಿಗೆ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಯಲ್ಲಿ ರೂಪುಗೊಂಡಿತು. ಹಿಂದೆಂದೂ ಮಾಡದ ಕೆಲಸಗಳಿಗೆ ಒಂದೇ ಅವಧಿ ಹೇಳುವುದು ಅಲ್ಲಿನ ಎಂಜಿನಿಯರುಗಳಿಗೆ ಸಾಧ್ಯವಿರಲಿಲ್ಲವಾದ್ದರಿಂದ, ಪ್ರತಿ ಕೆಲಸಕ್ಕೂ ಮೂರು ಅವಧಿಗಳನ್ನು ಕೇಳಿ, ತೂಗಿ, ಒಂದು ಅಂದಾಜಿಗೆ ಇಳಿಸುವ ಪರ್ಟ್ ಪದ್ಧತಿ ಹುಟ್ಟಿಕೊಂಡಿತು. ಗೋಡೆ ಮೇಲೆದ್ದು ನಿಂತ ಮನೆಯೊಂದರ ಮೋಲ್ಡ್ ಕೆಲಸವನ್ನೇ ಇಟ್ಟುಕೊಂಡು ಅದನ್ನು ಮಾಡಿ ನೋಡೋಣ.

ಮೊದಲು ಕೆಲಸವನ್ನು ಒಡೆಯಿರಿ: ಸೆಂಟ್ರಿಂಗ್ ಕಟ್ಟುವುದು, ಕಂಬಿ ಕಟ್ಟಿ ಎಲೆಕ್ಟ್ರಿಕ್ ಪೈಪು ಎಳೆಯುವುದು, ಕಾಂಕ್ರೀಟ್ ಹಾಕುವುದು, ಆಮೇಲೆ ಕ್ಯೂರಿಂಗ್ ಮುಗಿದು ಊರುಗೋಲು ಬಿಚ್ಚುವವರೆಗಿನ ಕಾಯುವಿಕೆ. ದಿನಗಳನ್ನು ವಾರದ ರಜೆಯೂ ಸೇರಿದಂತೆ ಕ್ಯಾಲೆಂಡರ್ ದಿನಗಳಲ್ಲೇ ಎಣಿಸಿ.

ಎರಡನೆಯ ಹಂತ ಮೂರು ಅವಧಿಗಳನ್ನು ಕೇಳುವುದು: ಎಲ್ಲವೂ ಕೂಡಿ ಬಂದರೆ ಹಿಡಿಯುವ ಆಶಾವಾದಿ ಅವಧಿ, ಹೆಚ್ಚಿನ ಸಲ ಹಿಡಿಯುವ ಸಂಭವನೀಯ ಅವಧಿ, ಎಲ್ಲವೂ ಕೈಕೊಟ್ಟರೆ ಹಿಡಿಯುವ ನಿರಾಶಾವಾದಿ ಅವಧಿ. ಬಹುಪಾಲು ಜನ ಎಡವುವುದು ಇಲ್ಲಿಯೇ, ಇಲ್ಲಿ ಆದ ತಪ್ಪನ್ನು ಮುಂದಿನ ಯಾವ ಸೂತ್ರವೂ ತಿದ್ದಲಾರದು. ಹೆಚ್ಚಿನವರು ‘ಸಾಮಾನ್ಯವಾಗಿ 10 ದಿನ’ ಎಂಬ ಉತ್ತರ ಪಡೆದು, ಅದರಿಂದ ಎರಡು ಕಳೆದು 8 ಎಂದೂ ಎರಡು ಕೂಡಿಸಿ 12 ಎಂದೂ ತಾವೇ ಬರೆದುಕೊಳ್ಳುತ್ತಾರೆ. ಹೀಗೆ ಎರಡೂ ಕಡೆ ಸಮನಾಗಿ ಬರೆದ ಅವಧಿಗಳನ್ನು ಪರ್ಟ್ ಸೂತ್ರಕ್ಕೆ ಹಾಕಿದರೆ ಉತ್ತರ ಮತ್ತೆ 10 ಎಂದೇ ಬರುತ್ತದೆ. ಕಟ್ಟಡದ ಕೆಲಸ ಬೇಗ ಮುಗಿಯಲು ಒಂದು ಮಿತಿಯಿದೆ, ತಡವಾಗಲು ಅಂತಹ ಮಿತಿ ಇಲ್ಲ. ಈ ಅಸಮತೆಯನ್ನು ಹಿಡಿಯುವುದಕ್ಕಾಗಿಯೇ ಮೂರು ಅವಧಿಗಳನ್ನು ಕೇಳುವುದು. ಅಂದಾಜಿನ ಎರಡೂ ಬದಿಗೆ ಶೇ 20ರಷ್ಟು ತಾನೇ ತುಂಬಿಕೊಡುವ ಸಿದ್ಧ ಸ್ಪ್ರೆಡ್‌ಶೀಟ್‌ಗಳು ಮತ್ತು ಆ್ಯಪ್‌ಗಳು ಈ ಕಾರಣಕ್ಕೆ ನಿಷ್ಪ್ರಯೋಜಕ, ಅವುಗಳನ್ನು ಬಳಸಬೇಡಿ.

ಕೇಳುವ ಕ್ರಮವೂ ಮುಖ್ಯ. ಸಂಭವನೀಯ ಅವಧಿಯನ್ನು ಮೊದಲು ಕೇಳಿದರೆ ಉಳಿದೆರಡು ಉತ್ತರಗಳೂ ಅದರ ಪಕ್ಕದಲ್ಲೇ ಸುತ್ತುತ್ತವೆ. ಆದ್ದರಿಂದ ನಿರಾಶಾವಾದಿ ಅವಧಿಯನ್ನು ಮೊದಲು ಕೇಳಿ, ಅದನ್ನೂ ದಿನಗಳ ಲೆಕ್ಕದಲ್ಲಿ ಕೇಳಬೇಡಿ, ನಡೆದದ್ದನ್ನು ಕೇಳಿ.

‘ಮೇಸ್ತ್ರಿ, ನೀವು ಮಾಡಿರುವ ಮನೆಗಳಲ್ಲಿ ಸೆಂಟ್ರಿಂಗ್ ಅತಿ ತಡವಾದದ್ದು ಯಾವುದರಲ್ಲಿ? ಏನಾಗಿತ್ತು?’

‘ಶೀಟು, ಜಾಕಿ ಎಲ್ಲ ಬೇರೆ ಸೈಟಲ್ಲಿ ಸಿಕ್ಕಿಹಾಕ್ಕೊಂಡಿತ್ತು ಸರ್. ಅದು ಬರೋ ಹೊತ್ತಿಗೆ ಹುಡುಗರು ಊರ ಹಬ್ಬಕ್ಕೆ ಹೋದರು. ಎರಡು ವಾರ ಆಯಿತು.’

ಇಲ್ಲಿ 14 ಎಂಬ ಸಂಖ್ಯೆಗೆ ಆಧಾರ ಸಿಕ್ಕಿತು. ಅದನ್ನು ಒಂದು ಪ್ರಶ್ನೆಯಿಂದ ಪರೀಕ್ಷಿಸಿ: ಹತ್ತು ಮನೆಗಳಲ್ಲಿ ಎಷ್ಟಕ್ಕೆ ಇದಕ್ಕಿಂತಲೂ ಹೆಚ್ಚು ದಿನ ಹಿಡಿಯುತ್ತದೆ? ‘ಎರಡು ಮೂರಕ್ಕೆ’ ಎಂಬ ಉತ್ತರ ಬಂದರೆ ನಿಮ್ಮ ಕೈಯಲ್ಲಿರುವುದು ನಿರಾಶಾವಾದಿ ಅವಧಿಯಲ್ಲ, ಇನ್ನೂ ಮೇಲಕ್ಕೆ ಹೋಗಬೇಕು. ಮೀರುವ ಸಾಧ್ಯತೆ ಸುಮಾರು ನೂರಕ್ಕೆ ಒಂದು ಇರಬೇಕು ಎಂಬುದು ಮೂಲ ಪದ್ಧತಿಯ ಅಳತೆ. ಹಾಗೆಂದು ನೆರೆಹೊರೆಯವರು ತಂದ ತಡೆಯಾಜ್ಞೆ, ಪ್ರವಾಹ ಮೊದಲಾದವನ್ನು ಇದರಲ್ಲಿ ಸೇರಿಸಬಾರದು. ಅವು ಕೆಲಸದ ಅವಧಿಯನ್ನು ಹಿಗ್ಗಿಸುವುದಿಲ್ಲ, ಕೆಲಸವನ್ನೇ ನಿಲ್ಲಿಸುತ್ತವೆ. ಅವನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ.

ಆಮೇಲೆ ಆಶಾವಾದಿ ಅವಧಿ: ಸಾಮಾನು ಮೊದಲ ದಿನವೇ ಬಂದು, ಆಳುಗಳೆಲ್ಲ ಇದ್ದು, ಮಳೆ ಬಾರದಿದ್ದರೆ ಎಷ್ಟು ದಿನ? ನಾಲ್ಕು ಎಂದು ಬಂತು. ಇದು ಆಸೆಯ ಸಂಖ್ಯೆಯಾಗಿರಬಾರದು, ಒಮ್ಮೆಯಾದರೂ ಹಾಗೆ ಮುಗಿದಿರಬೇಕು. ಕೊನೆಯಲ್ಲಿ ಸಂಭವನೀಯ ಅವಧಿಯನ್ನು ಕೇಳುವಾಗ ‘ಸರಾಸರಿ ಎಷ್ಟು?’ ಎನ್ನಬೇಡಿ, ‘ಹೆಚ್ಚಿನ ಮನೆಗಳಲ್ಲಿ ಎಷ್ಟು ದಿನಕ್ಕೆ ಮುಗಿಯುತ್ತದೆ?’ ಎನ್ನಿ. ಸರಾಸರಿಯಲ್ಲಿ ತಡವಾದ ಮನೆಗಳ ಭಾರವೂ ಸೇರಿರುತ್ತದೆ, ಅದನ್ನೇ ಮಧ್ಯದಲ್ಲಿಟ್ಟು ಮತ್ತೆ ನಿರಾಶಾವಾದಿ ಅವಧಿಯನ್ನೂ ಸೇರಿಸಿದರೆ ಒಂದೇ ತಡವನ್ನು ಎರಡು ಸಲ ಎಣಿಸಿದಂತಾಗುತ್ತದೆ. ಸೆಂಟ್ರಿಂಗಿಗೆ ಬಂದ ಉತ್ತರ 6.

ಇದೇ ರೀತಿ ಕೇಳಿದಾಗ ಕಂಬಿ ಮತ್ತು ಪೈಪಿನ ಕೆಲಸಕ್ಕೆ 3, 4, 11 ದಿನಗಳು, ಕಾಂಕ್ರೀಟಿಗೆ 1, 2, 9 ದಿನಗಳು ಸಿಕ್ಕವು. ಕಾಂಕ್ರೀಟ್ ಹಾಕುವುದು ಒಂದೇ ದಿನದ ಕೆಲಸ, ಆದರೆ ಎಂಜಿನಿಯರ್ ಬಂದು ಕಂಬಿ ನೋಡಿ ಒಪ್ಪಬೇಕು, ಮಿಕ್ಸರ್ ಗ್ಯಾಂಗ್ ಬಿಡುವಾಗಬೇಕು. ಒಂದು ದೊಡ್ಡ ಮಳೆ ಬಿದ್ದರೆ ಗ್ಯಾಂಗ್ ಬೇರೆ ಸೈಟಿಗೆ ಹೋಗಿಬಿಡುತ್ತದೆ, 9 ಎಂಬುದು ಆ ಕಾಯುವಿಕೆಯಿಂದ ಬಂದ ಸಂಖ್ಯೆ.

ಊರುಗೋಲು ಬಿಚ್ಚುವ ಅವಧಿಗೆ ಮಾತ್ರ ಮೂರು ಅಂದಾಜು ಬೇಡ. ನಾಲ್ಕೂವರೆ ಮೀಟರಿಗಿಂತ ಹೆಚ್ಚು ಅಗಲಕ್ಕೆ ಚಾಚಿದ ಮೋಲ್ಡಿಗೆ 14 ದಿನ ಊರುಗೋಲು ಇರಲೇಬೇಕೆಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಹೇಳುತ್ತದೆ. ಇಲ್ಲಿ ‘ಆಶಾವಾದಿ 10’ ಎಂದು ಬರೆಯುವುದು ಅಂದಾಜಲ್ಲ, ಅಪಾಯ. ಆದ್ದರಿಂದ 14 ಎಂದೇ ಹಿಡಿಯಿರಿ.

ಮೂರನೆಯ ಹಂತ ತೂಗುವುದು. ಆಶಾವಾದಿ ಅವಧಿ O, ಸಂಭವನೀಯ ಅವಧಿ M, ನಿರಾಶಾವಾದಿ ಅವಧಿ P ಎಂದಿಟ್ಟುಕೊಂಡರೆ ಬೇಕಾದ ಎರಡು ಸೂತ್ರಗಳು ಇವು:

```
E = (O + 4*M + P) / 6
S = (P - O) / 6
```

E ನಿರೀಕ್ಷಿತ ಅವಧಿ, S ಮಾನಕ ವಿಚಲನೆ, ಅಂದರೆ ಅವಧಿ ಅತ್ತಿತ್ತ ಎಷ್ಟು ಸರಿಯಬಹುದೆಂಬುದರ ಅಳತೆ. ಸೆಂಟ್ರಿಂಗಿಗೆ 4 + 24 + 14 = 42, ಅದನ್ನು 6ರಿಂದ ಭಾಗಿಸಿದರೆ 7 ದಿನ. ಕಂಬಿಗೆ 5, ಕಾಂಕ್ರೀಟಿಗೆ 3. ಎರಡು ತುದಿಗಳಿಗೆ ಒಂದೊಂದು ಪಾಲು, ನಡುವಿನದಕ್ಕೆ ನಾಲ್ಕು ಪಾಲು, ಒಟ್ಟು ಆರು ಪಾಲು ಎಂಬುದೇ ಈ ತೂಕದ ಅರ್ಥ. ಈ ನಾಲ್ಕನ್ನು ಯಾರೂ ಸೈಟಿನಲ್ಲಿ ಅಳೆದು ಕಂಡುಕೊಂಡಿದ್ದಲ್ಲ. ಎರಡು ತುದಿಗಳ ನಡುವಿನ ಅಂತರ ಆರು ಮಾನಕ ವಿಚಲನೆಗಳಷ್ಟಿದೆ, ಅವಧಿ ಬೀಟಾ ಎಂಬ ಹಂಚಿಕೆಯಂತೆ ಹರಡಿಕೊಂಡಿದೆ ಎಂದು ಇಟ್ಟುಕೊಂಡು ಲೆಕ್ಕಕ್ಕೆ ಸುಲಭವಾಗುವಂತೆ ಪಡೆದ ಅಂದಾಜು ಸೂತ್ರ ಅದು. ಮೂರನ್ನೂ ಕೂಡಿಸಿ 3ರಿಂದ ಭಾಗಿಸುವ ಪದ್ಧತಿಯೂ ಉಂಟು, ಅದರ ಪ್ರಕಾರ ಸೆಂಟ್ರಿಂಗಿಗೆ 8 ದಿನ ಬರುತ್ತದೆ. ಸಂಭವನೀಯ ಅವಧಿ ಹಲವು ಮನೆಗಳ ಅನುಭವದಿಂದ ಬಂದಿದ್ದರೆ ಪರ್ಟ್ ಬಳಸಿ, ಮೇಸ್ತ್ರಿ ಹೊಸಬನಾಗಿದ್ದು ನಡುವಿನ ಸಂಖ್ಯೆಯೇ ಊಹೆಯಾಗಿದ್ದರೆ ಮೂರರ ಸರಾಸರಿಯೇ ಮೇಲು.

ಇನ್ನು ಕೂಡಿಸುವುದು. ಸಂಭವನೀಯ ಅವಧಿಗಳನ್ನಷ್ಟೇ ಕೂಡಿಸಿದ್ದರೆ 6 + 4 + 2 + 14 = 26 ದಿನ ಆಗುತ್ತಿತ್ತು, ನಿರೀಕ್ಷಿತ ಅವಧಿಗಳ ಮೊತ್ತ 7 + 5 + 3 + 14 = 29. ಆ ಮೂರು ದಿನಗಳ ವ್ಯತ್ಯಾಸವೇ ಪ್ಲಾಸ್ಟರಿಂಗ್‌ನವರು ಬಂದು ಸುಮ್ಮನೆ ಕುಳಿತುಕೊಳ್ಳುವ ಮೂರು ದಿನಗಳು. ಮಾನಕ ವಿಚಲನೆಗಳು ಕ್ರಮವಾಗಿ 1.67, 1.33, 1.33. ಇವನ್ನು ನೇರವಾಗಿ ಕೂಡಿಸಬಾರದು. ಪ್ರತಿಯೊಂದನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಬೇಕು. ಒಂದು ಕೆಲಸ ತಡವಾದರೆ ಇನ್ನೊಂದು ಬೇಗ ಮುಗಿದು ಭಾಗಶಃ ಸರಿದೂಗಿಸುತ್ತದೆ ಎಂಬುದು ಇದರ ಹಿಂದಿನ ಕಾರಣ. ಸ್ಪ್ರೆಡ್‌ಶೀಟಿನ B, C, D ಕಾಲಂಗಳಲ್ಲಿ O, M, P ಕ್ರಮದಲ್ಲಿ ಮೂರು ಅವಧಿಗಳನ್ನು ಬರೆದು, E2 ಮತ್ತು F2 ಕೋಶಗಳಲ್ಲಿ ಮೊದಲೆರಡು ಸೂತ್ರಗಳನ್ನು ಹಾಕಿ ಕೆಳಕ್ಕೆ ಎಳೆಯಿರಿ, ಕೊನೆಯದನ್ನು ಬೇರೊಂದು ಕೋಶದಲ್ಲಿ ಬರೆಯಿರಿ:

```
=(B2+4*C2+D2)/6
=(D2-B2)/6
=SQRT(SUMSQ(F2:F4))
```

ಉತ್ತರ ಸುಮಾರು 2.5 ದಿನ. 29ಕ್ಕೆ ಒಂದು ವಿಚಲನೆ ಸೇರಿಸಿದ 31.5 ದಿನಗಳ ಒಳಗೆ ಮುಗಿಯುವ ಸಾಧ್ಯತೆ ನೂರಕ್ಕೆ ಸುಮಾರು 84, ಎರಡು ಸೇರಿಸಿದ 34 ದಿನಗಳ ಒಳಗೆ ಮುಗಿಯುವ ಸಾಧ್ಯತೆ ಸುಮಾರು 98. ಅನಿಶ್ಚಿತ ಕೆಲಸಗಳು ಇಲ್ಲಿ ಮೂರೇ ಇರುವುದರಿಂದ ಈ ಶೇಕಡಾವಾರುಗಳನ್ನು ಒರಟು ಅಳತೆಯಾಗಿಯೇ ಓದಬೇಕು. ಪ್ಲಾಸ್ಟರಿಂಗ್‌ನವರಿಗೆ ಹೇಳಬೇಕಾದ ದಿನಾಂಕ 34ನೆಯ ದಿನದ್ದು. 29ನೆಯ ದಿನವನ್ನು ಮಾತು ಕೊಟ್ಟರೆ ತಪ್ಪುವ ಸಾಧ್ಯತೆ ಹೆಚ್ಚು ಕಡಿಮೆ ಅರ್ಧದಷ್ಟಿರುತ್ತದೆ.

ವರ್ಗಮೂಲದ ಲೆಕ್ಕ ಸರಿಯಾಗಬೇಕಾದರೆ ಒಂದು ಕೆಲಸದ ತಡಕ್ಕೂ ಇನ್ನೊಂದರ ತಡಕ್ಕೂ ಸಂಬಂಧವಿರಬಾರದು. ಮಳೆಗಾಲದಲ್ಲಿ ಇದು ನಿಜವಾಗುವುದಿಲ್ಲ, ಏಕೆಂದರೆ ಸೆಂಟ್ರಿಂಗನ್ನು ತಡೆದ ಮಳೆಯೇ ಕಂಬಿಯನ್ನೂ ಕಾಂಕ್ರೀಟನ್ನೂ ತಡೆಯುತ್ತದೆ. ಒಂದೇ ಗುಂಪಿನ ಆಳುಗಳು ಎಲ್ಲ ಕೆಲಸ ಮಾಡುವಾಗಲೂ ಹೀಗೆಯೇ. ಅಂತಹ ಸಂದರ್ಭಗಳಲ್ಲಿ ಮೇಲೆ ಕೂಡದು ಎಂದ ನೇರ ಕೂಡಿಕೆಯನ್ನೇ ಎಚ್ಚರಿಕೆಯ ಮಿತಿಯಾಗಿ ಬಳಸಬೇಕು: 1.67 + 1.33 + 1.33 = 4.33, ಅದರ ಎರಡರಷ್ಟನ್ನು 29ಕ್ಕೆ ಸೇರಿಸಿದರೆ ಸುಮಾರು 38 ದಿನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಲ್ಡ್ ಹಾಕುವವರು ಈ 38ನ್ನೇ ಹಿಡಿಯಬೇಕು.

ಇನ್ನೊಂದು ತೊಂದರೆ, ಎರಡು ಕೆಲಸಗಳು ಜೊತೆಯಲ್ಲಿ ನಡೆದು ಒಂದೇ ಕಡೆ ಸೇರುವಲ್ಲಿ ಬರುತ್ತದೆ. ಕಂಬಿಯವರೂ ಎಲೆಕ್ಟ್ರಿಷಿಯನ್ನೂ ಬೇರೆಬೇರೆ ಗುತ್ತಿಗೆಯವರಾಗಿದ್ದು ಇಬ್ಬರೂ ಮುಗಿಸಿದ ಮೇಲೆಯೇ ಕಾಂಕ್ರೀಟ್ ಎಂದಾದರೆ, ಐದನೆಯ ದಿನಕ್ಕೆ ಪ್ರತಿಯೊಬ್ಬರೂ ಮುಗಿಸುವ ಸಾಧ್ಯತೆ ಅರ್ಧವಿದ್ದರೂ ಇಬ್ಬರೂ ಮುಗಿಸಿರುವ ಸಾಧ್ಯತೆ ಕಾಲುಭಾಗ ಮಾತ್ರ. ಪರ್ಟ್ ಒಂದರ ನಂತರ ಒಂದು ನಡೆಯುವ ಕೆಲಸಗಳ ಅತಿ ಉದ್ದದ ಸಾಲನ್ನಷ್ಟೇ ಕೂಡಿಸುವುದರಿಂದ ಈ ತಡವನ್ನು ಕಾಣುವುದೇ ಇಲ್ಲ, ಅದರ ಒಟ್ಟು ಅಂದಾಜು ಇಲ್ಲಿ ಕಡಿಮೆಯೇ ಬರುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಒಂದೇ ಕೆಲಸವೆಂದು ಎಣಿಸಿ, ‘ಇಬ್ಬರೂ ಮುಗಿಸಲು ಎಷ್ಟು ದಿನ?’ ಎಂದೇ ಮೂರು ಅವಧಿಗಳನ್ನು ಕೇಳುವುದು ಒಳ್ಳೆಯದು. 3, 4, 11 ಎಂಬ ಮೇಲಿನ ಉತ್ತರ ಸಿಕ್ಕಿದ್ದು ಹಾಗೆ ಕೇಳಿಯೇ.

ಕೊನೆಯ ಹಂತ, ಒಂದೊಂದು ಕೆಲಸ ಮುಗಿದಂತೆ ಲೆಕ್ಕವನ್ನು ಹೊಸದಾಗಿ ಮಾಡುವುದು. ಸೆಂಟ್ರಿಂಗ್ 7ರ ಬದಲು 9 ದಿನ ಹಿಡಿಯಿತು ಎನ್ನೋಣ. ಇನ್ನು ಅದರಲ್ಲಿ ಅನಿಶ್ಚಿತತೆ ಇಲ್ಲ, 9ನ್ನು ಹಾಗೆಯೇ ಬರೆಯಿರಿ. ಉಳಿದ 5, 3, 14 ಸೇರಿ ನಿರೀಕ್ಷಿತ ಮೊತ್ತ 31 ದಿನ, ಉಳಿದೆರಡು ಕೆಲಸಗಳ ವಿಚಲನೆ ಈಗ ಸುಮಾರು 1.9 ಮಾತ್ರ. ಎರಡು ವಿಚಲನೆ ಸೇರಿಸಿದರೆ 35ಕ್ಕೆ ಸ್ವಲ್ಪ ಕಡಿಮೆ. ಅಂದರೆ ಸೆಂಟ್ರಿಂಗ್ ಎರಡು ದಿನ ತಡವಾದರೂ ಪ್ಲಾಸ್ಟರಿಂಗ್‌ನವರ ದಿನಾಂಕವನ್ನು ಒಂದು ದಿನ ಮುಂದಕ್ಕೆ ಹಾಕಿದರೆ ಸಾಕು, ಅದನ್ನು ಅವರಿಗೆ ತಿಳಿಸಲು ಇನ್ನೂ ಮೂರು ವಾರಕ್ಕಿಂತ ಹೆಚ್ಚು ಸಮಯವಿರುತ್ತದೆ.