ಒತ್ತಕ್ಷರಕ್ಕೆ ಜಾಗ ಬಿಟ್ಟು ಮಾಡಿದ ಲೋಗೋ

ಮುಂಬಯಿಯ ಮಾಟುಂಗಾದಲ್ಲಿ ತಿಂಡಿ ಹೋಟೆಲ್ ಇಟ್ಟಿರುವ ಕುಂದಾಪುರದ ಅಣ್ಣ ಒಬ್ಬರು ಹೊಸ ಲೋಗೋ ಬೇಕೆಂದು ಕರೆಸಿದ್ದರು. ಹೋಟೆಲಿನ ನಿಜವಾದ ಹೆಸರು ಇಲ್ಲಿ ಬೇಡ. ಅದರಲ್ಲಿದ್ದ ಕಷ್ಟಗಳೆಲ್ಲ ಇರುವ ‘ತೃಪ್ತಿ’ ಎಂಬ ಪದವನ್ನೇ ಹೆಸರು ಅಂತ ಇಟ್ಟುಕೊಳ್ಳುತ್ತೇನೆ. ಕನ್ನಡದಲ್ಲಿ ಎರಡೇ ಅಕ್ಷರ. ಆದರೆ ಒಂದಕ್ಕೆ ವಟ್ರಸುಳಿ, ಇನ್ನೊಂದಕ್ಕೆ ಮೇಲೆ ಗುಡಿಸು, ಕೆಳಗೆ ತ ಒತ್ತು. ಇಂಗ್ಲಿಷಿನಲ್ಲಿ ಅದೇ ಪದ ಆರು ಅಕ್ಷರ ಉದ್ದ.

ಕೆಲಸ ಶುರುವಾಗುವ ಮೊದಲೇ ಸ್ಪೆಲ್ಲಿಂಗ್ ಜಗಳ. ಅಣ್ಣನ ಹಳೆಯ ಬಿಲ್ ಪುಸ್ತಕದಲ್ಲಿ Thripthi ಎಂದಿತ್ತು. ನಮ್ಮ ಕಡೆ ತ ಅಂದರೆ th, ಟ ಅಂದರೆ t. ಮುಂಬಯಿಯಲ್ಲಿ ಮರಾಠಿಯವರು ತ-ಕಾರಕ್ಕೆ ಬರಿಯ t ಬರೆಯುತ್ತಾರೆ, th ಕಂಡರೆ ಥ ಅಂತ ಓದುತ್ತಾರೆ. ಋ-ಕಾರ ಅವರ ಬಾಯಲ್ಲಿ ರು. “ಎಂತ ಮಾರಾಯ್ತಿ, ನಲವತ್ತು ವರ್ಷ ಹೀಗೇ ಬರೆದದ್ದು” ಅಂದರು ಅಣ್ಣ. ಗಲ್ಲಾದ ಪಕ್ಕ ನಿಂತು ಬರುವ ಗಿರಾಕಿಗಳಿಗೆಲ್ಲ ಎರಡೂ ಬರಹ ಓದಿಸಿದೆ. ಮಧ್ಯಾಹ್ನದೊಳಗೆ ಅವರೇ Trupti ಆಗಲಿ ಅಂದರು. ಇದು ಬರೀ ಉಚ್ಚಾರದ ವಿಷಯವಲ್ಲ. ಎರಡು h ಹೋದದ್ದರಿಂದ ಪದ ಗಿಡ್ಡವಾಯಿತು, ಮೇಲಕ್ಕೆ ಚಾಚುವ ಎರಡು ಕಂಬಗಳೂ ತಪ್ಪಿದವು.

ನನ್ನ ಮೊದಲ ಕರಡು ಈಗ ನೋಡಿದರೆ ನಾಚಿಕೆಯಾಗುತ್ತದೆ. ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ತಲಕಟ್ಟು ಕೂರಿಸಿ, ಕಾಲುಗಳನ್ನು ಸುರುಳಿ ಸುತ್ತಿಸಿದ್ದೆ. ಅಣ್ಣನ ಮಗಳಿಗೆ ಅದು ತುಂಬಾ ಹಿಡಿಸಿತು. ಆದರೆ ಕನ್ನಡ ಬಲ್ಲವರು ಕನ್ನಡವೆಂದುಕೊಂಡು ಓದಲು ಹೋಗಿ ತಡವರಿಸಿದರು, ಬಾರದವರಿಗೆ ಅದು ಇಂಗ್ಲಿಷ್ ಅಂತಲೇ ಹೊಳೆಯಲಿಲ್ಲ. ಒಂದು ಲಿಪಿಗೆ ಇನ್ನೊಂದರ ವೇಷ ಹಾಕುವುದನ್ನು ಅಂದೇ ಬಿಟ್ಟೆ. ಎರಡೂ ಒಂದೇ ಕೈಯ ಬರಹ ಅನ್ನಿಸಲು ಸಮನಾಗಬೇಕಾದದ್ದು ಆಕಾರವಲ್ಲ, ಕಪ್ಪು. ಕಣ್ಣು ಅರೆಮುಚ್ಚಿ ನೋಡಿದಾಗ ಎರಡು ಪದಗಳೂ ಒಂದೇ ಬೂದು ಬಣ್ಣದ ಪಟ್ಟಿಗಳಾಗಿ ಕಾಣಬೇಕು.

ಎರಡನೇ ಸಲ ಕನ್ನಡದಿಂದಲೇ ಶುರು ಮಾಡಿದೆ. ಮೇಲೆ ಗುಡಿಸು, ಕೆಳಗೆ ಒತ್ತು, ಎರಡಕ್ಕೂ ಜಾಗ ಬೇಕಾದದ್ದು ಕನ್ನಡಕ್ಕೇ. ಇಂಗ್ಲಿಷನ್ನು ಮೊದಲು ಬರೆದು ಅದರ ಎತ್ತರದ ಪೆಟ್ಟಿಗೆಯೊಳಗೆ ಕನ್ನಡವನ್ನು ತುರುಕಿದರೆ ಒತ್ತಕ್ಷರ ಇರುವೆಯಷ್ಟಾಗುತ್ತದೆ. ಮುಂಬಯಿಯದೇ ಏಕ್ ಟೈಪ್ ತಂಡದ ‘ಬಲೂ ತಮ್ಮ’ ಮತ್ತು ‘ಅನೇಕ್ ಕನ್ನಡ’ ಫಾಂಟುಗಳಲ್ಲಿ ಎರಡು ಲಿಪಿಗಳನ್ನೂ ಜೊತೆಗೇ ರೂಪಿಸಿದ್ದಾರೆ. ಅವುಗಳಲ್ಲಿ ಪದವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಯಾವುದು ಎಷ್ಟು ಎತ್ತರ, ಗೆರೆ ಎಷ್ಟು ದಪ್ಪ ಅಂತ ಸ್ಕೇಲ್ ಇಟ್ಟು ಅಳೆದೆ. ಆಮೇಲೆ ಟ್ರೇಸಿಂಗ್ ಹಾಳೆಯ ಮೇಲೆ ನನ್ನದೇ ಅಕ್ಷರ ಬರೆದೆ.

ಅಳತೆಗಳು ಕೊನೆಗೆ ನಿಂತದ್ದು ಹೀಗೆ. ಇಂಗ್ಲಿಷಿನ ಚಿಕ್ಕ u ಎತ್ತರ 100 ಅಂದುಕೊಂಡರೆ, ಕನ್ನಡದ ಪ-ಕಾರದ ಒಡಲು 120. ಎರಡನ್ನೂ ಸಮ ಮಾಡಿ ನೋಡಿದ್ದೆ, ಕನ್ನಡ ಕುಗ್ಗಿ ಕಂಡಿತು. ದೊಡ್ಡ T ಎತ್ತರಕ್ಕೆ ಏರಿಸಿದರೆ ಕನ್ನಡವೇ ಎಲ್ಲವನ್ನೂ ನುಂಗಿತು. ಗೆರೆಯ ದಪ್ಪ ಇಂಗ್ಲಿಷಿಗೆ 20, ಕನ್ನಡಕ್ಕೆ 18, ಒತ್ತಿಗೆ 16. ಕನ್ನಡದ ಗೆರೆ ತನ್ನ ಮೇಲೆ ತಾನೇ ಸುತ್ತಿಕೊಳ್ಳುವುದರಿಂದ ಒಂದೇ ದಪ್ಪ ಕೊಟ್ಟರೆ ಕನ್ನಡ ಹೆಚ್ಚು ಕಪ್ಪಾಗಿ ಕಾಣುತ್ತದೆ. ಇವು ಈ ಪದದ ಅಳತೆಗಳು ಮಾತ್ರ. ‘ಕಮಲ’ದಂಥ ಒತ್ತಿಲ್ಲದ ಹೆಸರಾದರೆ ಮತ್ತೆ ಮೊದಲಿಂದ ನೋಡಬೇಕು.

ಜೋಡಣೆಯಲ್ಲಿ ಒಂದು ವಾರ ಹೋಯಿತು. ಕನ್ನಡ ಮೇಲೆ, ಇಂಗ್ಲಿಷ್ ಕೆಳಗೆ ಇಟ್ಟರೆ ತ ಒತ್ತು ಕೆಳಗಿನ ಸಾಲಿಗೆ ಬಡಿಯುತ್ತದೆ. ಬಡಿಯದಂತೆ ಅಂತರ ಬಿಟ್ಟರೆ ಎರಡೂ ಮುನಿಸಿಕೊಂಡ ಗಂಡಹೆಂಡಿರ ಹಾಗೆ ದೂರ ದೂರ. ಇಂಗ್ಲಿಷನ್ನು ಮೇಲಿಟ್ಟರೆ p ಕಾಲು ಗುಡಿಸಿನ ಮೇಲೆ ಇಳಿಯುತ್ತದೆ. ಕೊನೆಗೆ ಎರಡನ್ನೂ ಒಂದೇ ಗೆರೆಯ ಮೇಲೆ, ಅಕ್ಕಪಕ್ಕ ಕೂರಿಸಿದೆ. ಆಗಲೇ ಕಣ್ಣಿಗೆ ಬಿದ್ದದ್ದು: ಕನ್ನಡದಲ್ಲಿ ಒತ್ತು ಕೆಳಗಿಳಿಯುತ್ತದೆ, ಇಂಗ್ಲಿಷಿನಲ್ಲಿ p ಇಳಿಯುತ್ತದೆ. ಎರಡರ ಆಳವನ್ನೂ ಒಂದೇ ಮಾಡಿದೆ. ಗುಡಿಸಿನ ನೆತ್ತಿಯನ್ನು T ನೆತ್ತಿಗೆ ಸರಿಹೊಂದಿಸಿದೆ. ಅಲಂಕಾರ ಒಂದೂ ಇಲ್ಲದೆ ಎರಡು ಪದಗಳಿಗೆ ನಂಟು ಬಂತು. ಹೆಸರಿನಲ್ಲೇ ಇದ್ದ ಅದೃಷ್ಟ ಅದು, ನನ್ನ ಜಾಣತನವಲ್ಲ.

ಬೋರ್ಡಿನ ವಿಷಯ ಬೇರೆ. ಮಹಾರಾಷ್ಟ್ರದಲ್ಲಿ 2022ರ ತಿದ್ದುಪಡಿಯಾದ ಮೇಲೆ ಅಂಗಡಿ ಬೋರ್ಡಿನಲ್ಲಿ ದೇವನಾಗರಿಯಲ್ಲಿ ಮರಾಠಿ ಹೆಸರು ಮೊದಲು ಬರಬೇಕು, ಅದರ ಅಕ್ಷರ ಬೇರೆ ಲಿಪಿಗಿಂತ ಚಿಕ್ಕದಿರಬಾರದು. ಹಾಗಾಗಿ ಬೋರ್ಡಿನಲ್ಲಿ ನಮ್ಮ ಲೋಗೋ ಮರಾಠಿಯ ಕೆಳಗಿನ ಪಟ್ಟಿಗೆ ಇಳಿಯಿತು. ಅಕ್ಕಪಕ್ಕದ ಜೋಡಣೆ ಅಲ್ಲಿಯೂ ಕೆಲಸಕ್ಕೆ ಬಂತು. ಒಂದರ ಮೇಲೊಂದು ಇಟ್ಟಿದ್ದರೆ ಆ ಪಟ್ಟಿಯಲ್ಲಿ ಅಕ್ಷರ ಅರ್ಧಕ್ಕರ್ಧ ಇಳಿಯುತ್ತಿತ್ತು.

ಚಿಕ್ಕ ಗಾತ್ರದಲ್ಲಿ ಮೊದಲು ಕೈಕೊಡುವುದು ಪ. ಪ ಮತ್ತು ವ ನಡುವಿನ ವ್ಯತ್ಯಾಸ ಒಂದು ಸಣ್ಣ ಬಾಯಿ: ಪ ತೆರೆದಿರುತ್ತದೆ, ವ ಮುಚ್ಚಿರುತ್ತದೆ. ಚಟ್ನಿಪುಡಿಯ ಪ್ಲಾಸ್ಟಿಕ್ ಪೊಟ್ಟಣದ ಮೇಲೆ ಮಸಿ ಸ್ವಲ್ಪ ಹರಡಿದರೂ ಆ ಬಾಯಿ ಮುಚ್ಚಿ ‘ತೃವ್ತಿ’ ಆಗುತ್ತದೆ. ಇದನ್ನು ಹಿಡಿಯಲು ಇಡೀ ಲೋಗೋವನ್ನು 20 ಮಿಲಿಮೀಟರ್ ಅಗಲಕ್ಕೆ ಇಳಿಸಿ ಅಚ್ಚು ಹಾಕಿಸಿ, ಅದನ್ನು ಜೆರಾಕ್ಸ್ ಮಾಡಿಸಿ, ಆ ಜೆರಾಕ್ಸನ್ನು ಮತ್ತೆ ಜೆರಾಕ್ಸ್ ಮಾಡಿಸಿದೆ. ಮೂರನೇ ಪ್ರತಿಯಲ್ಲಿ ಬಾಯಿ ಮುಚ್ಚಿತ್ತು. ಆದ್ದರಿಂದ ಪೊಟ್ಟಣಕ್ಕೆ ಬೇರೆಯೇ ಕಡತ ಮಾಡಿದೆ: ಪ ಬಾಯಿ ಇಮ್ಮಡಿ ಅಗಲ, ಒತ್ತು ಒಡಲಿನಿಂದ ಇನ್ನಷ್ಟು ಕೆಳಕ್ಕೆ, ಗೆರೆ ತುಸು ತೆಳ್ಳಗೆ. ದೊಡ್ಡದಾಗಿ ನೋಡಿದರೆ ಅದು ವಿಕಾರ. ಪೊಟ್ಟಣದ ಮೇಲೆ ಸರಿಯಾಗಿದೆ.

ಮುದ್ರಣಕ್ಕೆ ಕೊಡುವಾಗ ಇನ್ನೊಂದು ಗಂಡಾಂತರ. ಭಾರತೀಯ ಲಿಪಿಗಳ ಕಂಪೋಸರ್ ಆರಿಸದೆ ಇಲಸ್ಟ್ರೇಟರಿನಲ್ಲಿ ಕನ್ನಡ ತೆರೆದರೆ ಒತ್ತು ಒಡೆದು ‘ತೃಪ್‌ತಿ’ ಆಗಬಹುದು. ಕನ್ನಡ ಬಾರದ ಪ್ರೆಸ್ಸಿನವನಿಗೆ ಅದು ತಪ್ಪೆಂದು ತಿಳಿಯುವ ದಾರಿಯೇ ಇಲ್ಲ. ನಾನು ಯಾವತ್ತೂ ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಅಂದರೆ ಬರಹವನ್ನು ಬರೀ ಆಕಾರಗಳಾಗಿ ಬದಲಿಸಿಯೇ ಕಳಿಸುತ್ತೇನೆ, ಜೊತೆಗೆ ಸರಿಯಾದ ಚಿತ್ರದ ಪಿಡಿಎಫ್ ಒಂದು.

ಅಷ್ಟು ಮಾಡಿಯೂ ಏಪ್ರನ್ ಕಸೂತಿಯಲ್ಲಿ ಎಡವಟ್ಟಾಯಿತು. ಒತ್ತು ಬಿಡಿ ತುಂಡಾಗಿತ್ತು. ಕಸೂತಿಯವನು ಅದನ್ನು ಯಾವುದೋ ಎಲೆಯ ಚಿತ್ರ ಅಂದುಕೊಂಡು ಚಂದಕ್ಕೆಂದು ಪದದ ಮಧ್ಯಕ್ಕೆ ಸರಿಸಿಬಿಟ್ಟ. ಒತ್ತು ತ-ಕಾರದ ಕೆಳಗೆ ಬಂದು ಕೂತಿತ್ತು. ಆಮೇಲೆ ಇಡೀ ಕನ್ನಡ ಪದವನ್ನು ಒಂದೇ ಕಾಂಪೌಂಡ್ ಪಾತ್ ಆಗಿ ಕಟ್ಟಿ ಕಳಿಸಿದೆ, ತುಂಡು ತುಂಡಾಗಿ ಎಳೆಯಲು ಬಾರದ ಹಾಗೆ. ಎರಡನೇ ಕಂತು ಸರಿಯಾಗಿ ಬಂತು. ಮೊದಲ ಹನ್ನೆರಡು ಏಪ್ರನ್ ಹಾಳು ಮಾಡಲು ಅಣ್ಣನಿಗೆ ಮನಸ್ಸು ಬರಲಿಲ್ಲ. ದೋಸೆ ಕಾವಲಿಯ ಮುಂದೆ ನಿಲ್ಲುವವರು ಈಗಲೂ ಅದನ್ನೇ ಕಟ್ಟಿಕೊಂಡಿರುತ್ತಾರೆ.