ಬುಧವಾರ ಸಂಜೆ ಆರು ಗಂಟೆಗೆ

ನನ್ನ ಗೆಳತಿಯ ಗಂಡ ಹೃದಯಾಘಾತವಾಗಿ ತೀರಿಕೊಂಡಿದ್ದು ಫೆಬ್ರವರಿಯಲ್ಲಿ. ವೈಕುಂಠ ಸಮಾರಾಧನೆ ಮುಗಿಯೋವರೆಗೆ ಮನೆ ತುಂಬ ಜನ ಇದ್ದರು. ಆಮೇಲೆ ಒಬ್ಬೊಬ್ಬರೇ ಊರಿಗೆ ಹೊರಟರು. ಮೇ ಹೊತ್ತಿಗೆ ಫೋನುಗಳೂ ನಿಂತವು. ಮಾಸಿಕಕ್ಕೆ ಮೈದುನ ಬಂದು ಹೋಗುತ್ತಿದ್ದರು, ಅಷ್ಟೆ. ಯಾರನ್ನೂ ದೂರುವಂತಿಲ್ಲ. ಏನು ಮಾತಾಡೋದು ಅಂತ ಅವರಿಗೂ ಗೊತ್ತಾಗುತ್ತಿರಲಿಲ್ಲ.

ಎಲ್ಲರೂ ಹೋಗುವಾಗ "ಏನಾದ್ರೂ ಬೇಕಿದ್ರೆ ಹೇಳಮ್ಮ" ಅಂದಿದ್ದರು. ಆದರೆ ಏನು ಬೇಕು ಅಂತ ಅವಳಿಗೇ ಗೊತ್ತಿರಲಿಲ್ಲ. ಗೊತ್ತಿದ್ದರೂ ಫೋನ್ ಮಾಡಿ ಕೇಳೋಳಲ್ಲ. ಅದಕ್ಕೆ ನಾನು ಏನು ಬೇಕು ಅಂತ ಕೇಳದೆ ದಿನ ಗೊತ್ತು ಮಾಡಿದೆ. "ಬುಧವಾರ ಆರು ಗಂಟೆಗೆ ಬರ್ತೀನಿ ಕಣೇ. ಬೇಡ ಅನ್ಸಿದ್ರೆ ಒಂದು ಮೆಸೇಜ್ ಹಾಕು, ಕಾರಣ ಹೇಳ್ಬೇಡ." ಆರು ಗಂಟೆ ಯಾಕೆಂದರೆ ಅವಳ ಗಂಡ ಆಫೀಸಿನಿಂದ ಬರುತ್ತಿದ್ದ ಹೊತ್ತು ಅದು. ಗೇಟಿನ ಸದ್ದಾದರೆ ಎದ್ದು ಹೋಗ್ತೀನಿ ಅಂತ ಅವಳೇ ಒಮ್ಮೆ ಹೇಳಿದ್ದಳು.

ಸುಮ್ನೆ ಎದುರು ಕೂತರೆ ಇಬ್ಬರಿಗೂ ಕಷ್ಟ. ಅವಳ ಮುಖ ನಾನು ನೋಡೋದು, ಚೆನ್ನಾಗಿದ್ದೀನಿ ಅಂತ ತೋರಿಸೋಕೆ ಅವಳು ಒದ್ದಾಡೋದು. ಕೈಗೊಂದು ಕೆಲಸ ಇದ್ದರೆ ಮಾತು ತಾನಾಗಿ ಬರುತ್ತದೆ. ಕೆಲಸಕ್ಕೇನೂ ಕೊರತೆ ಇರಲಿಲ್ಲ. ಅವರ ಕಾಗದಪತ್ರಗಳೆಲ್ಲ ಒಂದು ಚೀಲದಲ್ಲಿ ಹಾಗೇ ಬಿದ್ದಿದ್ದವು. ವಾರಕ್ಕೆ ಒಂದೇ ಕಾಗದ ಅಂತ ಮಾತಾಡಿಕೊಂಡೆವು.

ಮೊದಲು ಬ್ಯಾಂಕು. ಕೌಂಟರಿನಲ್ಲಿದ್ದವರು ಕೋರ್ಟಿನಿಂದ ವಾರಸುದಾರಿಕೆ ಪತ್ರ ತರಬೇಕು ಅಂದಿದ್ದರು. ಅಷ್ಟಕ್ಕೇ ಅವಳು ಕೈಚೆಲ್ಲಿ ಕೂತಿದ್ದಳು. ಪಾಸ್‌ಬುಕ್ ತೆಗೆದು ನೋಡಿದರೆ ಖಾತೆಗೆ ಅವಳೇ ನಾಮಿನಿ. ನಾಮಿನಿ ಇದ್ದರೆ ಆ ಪತ್ರ ಕೇಳುವಂತಿಲ್ಲ ಅನ್ನೋದು ರಿಸರ್ವ್ ಬ್ಯಾಂಕ್ ನಿಯಮ. ಮರಣ ಪ್ರಮಾಣಪತ್ರ, ಅವಳ ಗುರುತಿನ ಚೀಟಿ, ಕ್ಲೇಮ್ ಫಾರ್ಮ್ ಸಾಕು. ಫಾರ್ಮ್ ನಾನು ತುಂಬಿದೆ, ಸಹಿ ಅವಳು ಹಾಕಿದಳು. 'ಮೃತರೊಂದಿಗೆ ಸಂಬಂಧ' ಅನ್ನೋ ಕಡೆ ಪೆನ್ನು ನಿಲ್ಲಿಸಿ ತುಂಬ ಹೊತ್ತು ಅವರ ಬಗ್ಗೆ ಮಾತಾಡಿದಳು. ಮದುವೆಗೆ ಮುಂಚೆ ಬರೆಯುತ್ತಿದ್ದ ಕಾಗದಗಳು, ಸಾರಿಗೆ ಉಪ್ಪು ಸಾಲದು ಅಂತ ತೆಗೆಯುತ್ತಿದ್ದ ತಕರಾರು. ಆ ಸಂಜೆ ಫಾರ್ಮ್ ಮುಗಿಯಲಿಲ್ಲ. ಮುಗಿಸೋಣ ಅಂತ ನಾನೂ ಅವಸರ ಮಾಡಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಯೋಚಿಸಬೇಕಾಗಿ ಬಂದಿದ್ದು ಅವರ ಫೋನ್ ನಂಬರ್ ಬಗ್ಗೆ. ಖರ್ಚು ಯಾಕೆ, ಸಿಮ್ ಬಿಟ್ಟುಬಿಡು ಅಂತ ಯಾರೋ ಹೇಳಿದ್ದರು. ನಾನು ತಡೆದೆ. ಗ್ಯಾಸ್ ಬುಕಿಂಗ್, ಕರೆಂಟ್ ಬಿಲ್ಲು, ವಿಮೆ, ಎಲ್ಲದರ ಓಟಿಪಿ ಬರುತ್ತಿದ್ದುದು ಅದೇ ನಂಬರಿಗೆ. ರೀಚಾರ್ಜ್ ಇಲ್ಲದೆ, ಬಳಸದೆ 90 ದಿನ ಬಿಟ್ಟರೆ ಪ್ರೀಪೇಯ್ಡ್ ನಂಬರ್ ರದ್ದಾಗಬಹುದು. ಆಮೇಲೆ ಅದು ಬೇರೆ ಯಾರಿಗೋ ಹೋಗುತ್ತದೆ. ಒಂದು ದಿನ ಅವರ ಹೆಸರಿನ ಪಕ್ಕ ವಾಟ್ಸಾಪಿನಲ್ಲಿ ಯಾರೋ ಅಪರಿಚಿತರ ಫೋಟೋ ಕಂಡರೆ ಹೇಗಿರುತ್ತೆ ಹೇಳಿ. ಕಡಿಮೆ ದರದ ರೀಚಾರ್ಜ್ ಹಾಕಿಸಿದೆವು. ಒಂದೊಂದೇ ಸೇವೆಯನ್ನು ಅವಳ ನಂಬರಿಗೆ ಬದಲಾಯಿಸಿದೆವು. ಅವರು ಕಳಿಸಿದ್ದ ವಾಯ್ಸ್ ಮೆಸೇಜುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಟ್ಟೆ. "ಬರ್ತಾ ಕೊತ್ತಂಬರಿ ಸೊಪ್ಪು ತರ್ಲಾ?" ಅನ್ನೋಥರದವೇ ಬಹಳ. ಅವನ್ನು ಕೇಳಬೇಕೋ ಬೇಡವೋ, ಯಾವಾಗ ಕೇಳಬೇಕು, ಅದು ಅವಳಿಗೆ ಬಿಟ್ಟಿದ್ದು.

ಹಬ್ಬಗಳು ಬೇರೆಯದೇ ಕಥೆ. ವರ್ಷ ತುಂಬುವವರೆಗೆ ಆ ಮನೆಯಲ್ಲಿ ಹಬ್ಬ ಇಲ್ಲ. ವರಮಹಾಲಕ್ಷ್ಮಿಗೆ ಬೀದಿಯಲ್ಲಿ ಎಲ್ಲ ಮನೆಗೂ ಅರಿಶಿನ ಕುಂಕುಮಕ್ಕೆ ಕರೆ ಹೋಯಿತು, ಅವಳ ಮನೆ ಬಿಟ್ಟು. ನನಗೆ ಇದು ಒಪ್ಪಿಗೆಯಾಗುವ ಪದ್ಧತಿ ಅಲ್ಲ. ಆದರೆ ನನ್ನ ವಾದ ಗೆಲ್ಲಿಸೋಕೆ ಅವಳನ್ನು ಎಲ್ಲರ ಮುಂದೆ ಕೂರಿಸೋದೂ ಸರಿಯಲ್ಲ ಅಲ್ವಾ? ಅದಕ್ಕೆ ಗೌರಿ ಹಬ್ಬಕ್ಕೆ ನಾಲ್ಕು ದಿನ ಮುಂಚೆಯೇ ನೇರವಾಗಿ ಕೇಳಿದೆ, "ಆವತ್ತು ನಮ್ಮನೆಗೆ ಬರ್ತೀಯಾ, ನಾನೇ ಬರ್ಲಾ, ಇಲ್ಲ ಒಬ್ಳೇ ಇರ್ತೀಯಾ?" "ನೀನೇ ಬಾ, ಮಧ್ಯಾಹ್ನ. ಹಬ್ಬದ ಸೀರೆ ಬದಲಾಯಿಸ್ಬೇಡ, ಹಂಗೇ ಬಾ" ಅಂದಳು. ಅವಳು ಹೇಳದೇ ಇದ್ದಿದ್ದರೆ ನಾನು ಖಂಡಿತ ಹಳೇ ಸೀರೆ ಉಟ್ಟು ಹೋಗುತ್ತಿದ್ದೆ.

ಗೆಳೆತನ ಸಾಲದ ಘಟ್ಟವೂ ಒಂದಿದೆ. ಅವಳು ಅತ್ತರೆ ನನಗೆ ಭಯವಿರಲಿಲ್ಲ. ಆದರೆ ಅಕ್ಟೋಬರಿನಲ್ಲಿ ಅವಳು ಅಡುಗೆ ಬಿಟ್ಟಳು, ನಿದ್ದೆ ಇಲ್ಲ, ಒಡವೆಯೆಲ್ಲ ಮಗಳಿಗೆ ಕೊಟ್ಟುಬಿಡ್ತೀನಿ ಅನ್ನತೊಡಗಿದಳು. ಆಗ ಬಳಸಿ ಮಾತಾಡದೆ ಕೇಳಿದೆ, "ಸಾಯ್ಬೇಕು ಅನ್ಸತ್ತಾ?" ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತೆ ಅಂತ ಜನ ಹೆದರುತ್ತಾರೆ. ಹಾಗೇನೂ ಆಗಲ್ಲ. "ಸಾಯ್ಬೇಕು ಅಂತಲ್ಲ, ಬೆಳಿಗ್ಗೆ ಏಳ್ದೇ ಇದ್ರೆ ಸಾಕು ಅನ್ಸತ್ತೆ" ಅಂದಳು. ಅಲ್ಲೇ ಕೂತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಹಚ್ಚಿದೆವು. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಅವರ ಮಾತಿನಂತೆ ಮನೋವೈದ್ಯರ ಹತ್ತಿರ ಹೋದೆವು. ನಾನು ಹೊರಗೆ ಕೂತಿದ್ದೆ. ಮಗಳಿಗೂ ವಿಷಯ ತಿಳಿಸಿದೆ, ಗೆಳತಿಗೆ ಹೇಳಿಯೇ.

ವರ್ಷಾಬ್ದಿಕ ಮುಗಿದಿದೆ. ಚೀಲದಲ್ಲಿ ಇನ್ನು ಮನೆ ಖಾತೆ ಬದಲಾವಣೆಯ ಕಾಗದ ಮಾತ್ರ ಉಳಿದಿದೆ. ಅದಕ್ಕೆ ಮಗಳ ಸಹಿ ಬೇಕಂತೆ. ರಜೆಗೆ ಅವಳು ಬಂದಾಗ ಮಾಡೋಣ ಅಂತ ಇಟ್ಟಿದ್ದೇವೆ. ಈಗ ಬುಧವಾರ ಹೆಚ್ಚಾಗಿ ಮಾರ್ಕೆಟ್ಟಿಗೆ ಹೋಗುತ್ತೇವೆ. ಕಳೆದ ವಾರ ಬೇಡ ಅಂತ ಮೆಸೇಜ್ ಹಾಕಿದ್ದಳು. ಕಾರಣ ನಾನು ಕೇಳಲಿಲ್ಲ.