ತುರಿಕೆ ನಿಂತಿತು, ಹುಳುಕಡ್ಡಿ ಹೋಗಲಿಲ್ಲ

ನಾನು ಚರ್ಮದ ಡಾಕ್ಟರ್. ಹುಳುಕಡ್ಡಿ ಅಂತ ಬಂದವರಿಗೆ ನಾನು ಮೊದಲು ಹೇಳುವುದು, ಇಲ್ಲಿಯವರೆಗೆ ಹಚ್ಚಿದ ಟ್ಯೂಬ್‌ಗಳನ್ನೆಲ್ಲ ಮೇಜಿನ ಮೇಲಿಡಿ ಅಂತ. ಲಾರಿ ಡ್ರೈವರ್ ಒಬ್ಬರು ಜೇಬಿನಿಂದ ಹಿಂಡಿ ಚಪ್ಪಟೆಯಾದ ಟ್ಯೂಬ್ ತೆಗೆದರು. ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಕೊಟ್ಟಿದ್ದು. ಸಣ್ಣಕ್ಷರದಲ್ಲಿ ನಾಲ್ಕು ಹೆಸರು: ಕ್ಲೊಬೆಟಸಾಲ್, ಆಫ್ಲಾಕ್ಸಸಿನ್, ಆರ್ನಿಡಜೋಲ್, ಟರ್ಬಿನಾಫಿನ್. ಹುಳುಕಡ್ಡಿ ಹುಳದಿಂದಲ್ಲ, ಫಂಗಸ್ಸಿನಿಂದ ಬರುವುದು. ಇದರಲ್ಲಿ ಫಂಗಸ್‌ಗೆ ಔಷಧ ಕೊನೆಯದೊಂದೇ. ಮಧ್ಯದ ಎರಡಕ್ಕೆ ಇಲ್ಲಿ ಕೆಲಸವೇ ಇಲ್ಲ, ಸುಮ್ನೆ ಸೇರಿಸಿದ್ದಾರೆ. ಮೊದಲನೆಯದು ಸ್ಟೀರಾಯ್ಡ್, ಅದೂ ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ತೀರಾ ಜೋರಿನದು.

"ಹಚ್ಚಿದರೆ ತಕ್ಷಣ ಆರಾಮ ಸಾರ್, ಬಿಟ್ಟರೆ ಮೊದಲಿಗಿಂತ ಜಾಸ್ತಿ" ಅಂದರು.

ಆಗುವುದು ಹಾಗೇ. ತುರಿಕೆ, ಕೆಂಪು ಇವೆಲ್ಲ ಬಹುಪಾಲು ಫಂಗಸ್ಸನ್ನು ಓಡಿಸಲು ನಮ್ಮ ಮೈ ಎಬ್ಬಿಸುವ ಗಲಾಟೆ. ಸ್ಟೀರಾಯ್ಡ್ ಆ ಗಲಾಟೆಯ ಬಾಯಿ ಮುಚ್ಚಿಸುತ್ತದೆ. ಚರ್ಮದ ಮೇಲ್ಪದರದ ಕೆರಾಟಿನ್ ತಿಂದು ಬದುಕುವ ಫಂಗಸ್‌ಗೆ ಆಮೇಲೆ ತಡೆಯುವವರೇ ಇಲ್ಲ, ಅಗಲವಾಗಿ ಹರಡಿಕೊಂಡು ಕೂದಲಿನ ಬುಡಕ್ಕೂ ಇಳಿಯುತ್ತದೆ, ಅಲ್ಲಿಗೆ ಕ್ರೀಮ್ ಸರಿಯಾಗಿ ತಲುಪುವುದಿಲ್ಲ.

ಸಾಮಾನ್ಯ ಹುಳುಕಡ್ಡಿಗೆ ಉಬ್ಬಿದ, ಹೊಟ್ಟೇಳುವ ಕೆಂಪು ಅಂಚು ಇರುತ್ತದೆ, ನಡುವೆ ಚರ್ಮ ತಿಳಿಯಾಗಿರುತ್ತದೆ. ಇವರ ಸೊಂಟದಲ್ಲಿ ಅಂಚು ಅಳಿಸಿಹೋಗಿ, ಉಂಗುರದೊಳಗೆ ಇನ್ನೊಂದು ಉಂಗುರ ಎದ್ದಿತ್ತು. ಕೂದಲ ಬುಡದಲ್ಲಿ ಸಣ್ಣ ಗುಳ್ಳೆ. ತೊಡೆ ಸಂದಿಯಲ್ಲಿ ಚರ್ಮ ತೆಳುವಾಗಿ, ಬಸುರಿಯರ ಹೊಟ್ಟೆಯ ಮೇಲೆ ಬೀಳುವಂಥ ಗೆರೆಗಳು. ಆ ಗೆರೆ ಮಾಸಬಹುದು, ಪೂರ್ತಿ ಹೋಗುವುದಿಲ್ಲ. ಅಂಚಿನಿಂದ ಹೊಟ್ಟು ಕೆರೆದು, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಲ್ಲಿ ನೋಡಿದರಲ್ಲಿ ಫಂಗಸ್ ಎಳೆಗಳು.

ಆ ಟ್ಯೂಬ್ ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ಕೆಲವು ದಿನ ತುರಿಕೆ, ಕೆಂಪು ಕೆರಳುತ್ತದೆ, ಹೆದರಿ ಹಳೆಯದಕ್ಕೆ ಕೈ ಹಾಕಬೇಡಿ ಅಂತ ಮೊದಲೇ ಹೇಳಿದೆ, ಯಾಕೆಂದರೆ ಹೆಚ್ಚಿನವರು ಜಾರುವುದೇ ಅಲ್ಲಿ. ಸ್ಟೀರಾಯ್ಡ್ ಇಲ್ಲದ ಲುಲಿಕೊನಜೋಲ್ ಕ್ರೀಮ್ ದಿನಕ್ಕೊಂದು ಸಲ, ಅಂಚಿನಿಂದ ಎರಡು ಬೆರಳಷ್ಟು ಆಚೆಗೂ. ಜೊತೆಗೆ ಇಟ್ರಾಕೊನಜೋಲ್ 100 ಮಿಲಿಗ್ರಾಂ, ಊಟವಾದ ಮೇಲೆ ಎರಡು ಹೊತ್ತು. ಟರ್ಬಿನಾಫಿನ್ ಮಾತ್ರೆ ಯಾಕೆ ಕೊಡಲಿಲ್ಲ ಅಂದರೆ, ಈಗ ನಮ್ಮ ದೇಶದಲ್ಲಿ ಹರಡಿರುವ ಟ್ರೈಕೊಫೈಟಾನ್ ಇಂಡೊಟಿನಿಯೆ ಅನ್ನುವ ಫಂಗಸ್ ಎಷ್ಟೋ ಸಲ ಅದಕ್ಕೆ ಜಗ್ಗುವುದೇ ಇಲ್ಲ. ಇಟ್ರಾಕೊನಜೋಲನ್ನೂ ನೀವೇ ಕೊಂಡು ನುಂಗುವಂತಿಲ್ಲ. ಹೃದಯ ದುರ್ಬಲ ಇರುವವರಿಗೆ ಅಪಾಯ, ಕೊಲೆಸ್ಟರಾಲಿನ ಕೆಲವು ಮಾತ್ರೆಗಳ ಜೊತೆ ಕೂಡಿಬರುವುದಿಲ್ಲ.

ಮನೆಯಲ್ಲಿ ಹೆಂಡತಿಗೂ ಇತ್ತು, ಅದೇ ಟ್ಯೂಬ್, ಅದೇ ಟವೆಲ್. ಇಬ್ಬರಿಗೂ ಒಟ್ಟಿಗೇ ಔಷಧ ಶುರು ಮಾಡಿದೆ. ಕಲೆ ಮಾಯವಾದ ಮೇಲೂ ಎರಡು ವಾರ ಕ್ರೀಮ್ ಹಚ್ಚಿಸಿದೆ.

2018ರಲ್ಲಿ ಇಂಥ ಹಲವು ಸ್ಟೀರಾಯ್ಡ್ ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ ನಿಯಮ ಮಾಡಿತು. ಕೌಂಟರಿನಲ್ಲಿ ಈಗಲೂ ಸಿಗುತ್ತವೆ, ಅಲ್ವಾ? ಹಾಗಾಗಿ ಟ್ಯೂಬ್ ತಿರುಗಿಸಿ ಓದಿ. ಬೆಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್, ಇವುಗಳಲ್ಲಿ ಒಂದಿದ್ದರೂ ಹುಳುಕಡ್ಡಿಗೆ ಅದು ಬೇಡ.